ಗಸಗಸೆ ಪಾಯಸದ ವಿಡಿಯೋದಿಂದ ಚಾನೆಲ್ ಬಂದ್: ಮೇಲ್ಮನವಿ ಹೇಗೆ ಬರೆಯಲಿ?

ಒಗ್ಗರಣೆ_ತುಮಕೂರು:
ಎಲ್ಲರಿಗೂ ನಮಸ್ಕಾರ. ನನ್ನ ಅಡುಗೆ ಚಾನೆಲ್ ಸೋಮವಾರ ಬೆಳಿಗ್ಗೆ ಬಂದ್ ಆಗಿದೆ. ಐದು ವರ್ಷದಿಂದ ಹಾಕಿದ 212 ವಿಡಿಯೋ ಇದ್ದವು. ಮೇಲ್‌ನಲ್ಲಿ "ನಿಷೇಧಿತ ಅಥವಾ ನಿಯಂತ್ರಿತ ವಸ್ತುಗಳ ಮಾರಾಟ" ಎಂದು ಕಾರಣ ಕೊಟ್ಟಿದ್ದಾರೆ. ಯುಗಾದಿಗೆ ಹಾಕಿದ ಗಸಗಸೆ ಪಾಯಸದ ವಿಡಿಯೋ ಒಂದನ್ನೇ ತೋರಿಸಿದ್ದಾರೆ. ನಾನು ಅಂಥದ್ದೇನೂ ಮಾರಿಲ್ಲ. ಈ ಪತ್ರ ಕಳಿಸಬಹುದಾ ನೋಡಿ:

"ಮಾನ್ಯರೇ, ನಾನು ಸಾಮಾನ್ಯ ಗೃಹಿಣಿ. ಹಗಲು ರಾತ್ರಿ ಕಷ್ಟಪಟ್ಟು ಚಾನೆಲ್ ಬೆಳೆಸಿದ್ದೇನೆ. ನಾನು ಯಾವ ತಪ್ಪೂ ಮಾಡಿಲ್ಲ. ದಯವಿಟ್ಟು ನನ್ನ ಚಾನೆಲ್ ವಾಪಸ್ ಕೊಡಿ."

ಮಂಜು_ಹಾಸನ:
ಅಕ್ಕಾ, ಗಸಗಸೆ ಅಂದ್ರೆ ಅಫೀಮು ಗಿಡದ ಬೀಜ. ನಮ್ಮ ಭಾವ ದುಬೈಗೆ ಒಯ್ಯೋಕೆ ಹೋದಾಗ ಬೇಡ ಅಂತ ಎಲ್ಲರೂ ತಡೆದರು. ಅದು ಕಾನೂನುಬಾಹಿರ. ಆ ವಿಡಿಯೋ ಹಾಕಿದ್ದೇ ತಪ್ಪು, ಒಪ್ಪಿಕೊಂಡು ಕ್ಷಮೆ ಕೇಳಿ.

ಕ್ಯಾಮೆರಾ_ಭಟ್ರು:
ಮಂಜು, ದುಬೈ ವಿಷಯ ನಿಜ, ಅಲ್ಲಿ ಗಸಗಸೆ ನಿಷೇಧ. ಇಲ್ಲಿ ಹಾಗಲ್ಲ. ನಮ್ಮ 1985ರ ಮಾದಕ ವಸ್ತು ಕಾಯ್ದೆಯಲ್ಲಿ, ಕೊಯ್ದ ಗಸಗಸೆ ಗಿಡದ ಭಾಗಗಳನ್ನು ಹೇಳುವಾಗ ಬೀಜವನ್ನು ಹೊರಗಿಟ್ಟಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ವಸ್ತು ಅದು. ಮಾಡದ ತಪ್ಪನ್ನು ಪತ್ರದಲ್ಲಿ ಒಪ್ಪಿಕೊಂಡರೆ ಚಾನೆಲ್ ಬರುವ ದಾರಿಯೇ ಮುಚ್ಚುತ್ತದೆ.

ಮೇಡಂ, ಆ ವಿಡಿಯೋದ ಶೀರ್ಷಿಕೆ ಮತ್ತು ಕೆಳಗಿನ ವಿವರಣೆ ಇದ್ದ ಹಾಗೇ ಹಾಕ್ತೀರಾ? ಅದನ್ನು ನೋಡದೆ ಪತ್ರದ ಬಗ್ಗೆ ಹೇಳಲಾಗದು.

ಒಗ್ಗರಣೆ_ತುಮಕೂರು:
ಶೀರ್ಷಿಕೆ: "ಒಂದು ಲೋಟ ಕುಡಿದರೆ ಗಾಢ ನಿದ್ದೆ! ಗಸಗಸೆ ಪಾಯಸ". ವಿವರಣೆಯಲ್ಲಿ ಮೂರು ಚಮಚ ಗಸಗಸೆ, ಒಂದು ಚಮಚ ಅಕ್ಕಿ, ತೆಂಗಿನತುರಿ, ಬೆಲ್ಲ, ಏಲಕ್ಕಿ ಅಂತ ಅಳತೆ. ಕೊನೆಯ ಸಾಲು ಎಲ್ಲ ವಿಡಿಯೋಗೂ ಒಂದೇ: "ಬೇಕಾದವರು ಈ ನಂಬರಿಗೆ ವಾಟ್ಸಾಪ್ ಮಾಡಿ, ಕೊರಿಯರ್ ಮಾಡುತ್ತೇವೆ." ಅದು ನಮ್ಮ ಸಾರಿನ ಪುಡಿ, ಚಟ್ನಿಪುಡಿಗೆ.

ಶಾಂತಕ್ಕ_ಶಿರಸಿ:
ನನಗೂ ಹೀಗೇ ಆಗಿತ್ತು. ಹಿನ್ನೆಲೆಗೆ ದೇವರ ಹಾಡು ಹಾಕಿದ್ದೆ, ಹಕ್ಕುಸ್ವಾಮ್ಯ ಅಂತ ಎಚ್ಚರಿಕೆ ಬಂತು. ಹಾಡು ತೆಗೆದೆ, ಸರಿಹೋಯಿತು. ನೀವೂ ಹಾಡು ತೆಗೆದು ನೋಡಿ.

ಕ್ಯಾಮೆರಾ_ಭಟ್ರು:
ಶಾಂತಕ್ಕ, ಅದು ಬೇರೆ ನಿಯಮ. ಇವರ ಚಾನೆಲ್ಲೇ ಮುಚ್ಚಿದೆ, ಒಳಗೆ ಹೋಗಿ ಏನನ್ನೂ ತೆಗೆಯಲಾಗದು.

ಮೇಡಂ, ಈಗ ನೀವೇ ಕನ್ನಡ ಬಾರದವರ ಕಣ್ಣಿಂದ ಓದಿ. ಅಫೀಮು ಗಿಡದ ಬೀಜ, ಕುಡಿದರೆ ಗಾಢ ನಿದ್ದೆ, ಬೇಕಾದರೆ ವಾಟ್ಸಾಪ್, ಕೊರಿಯರ್. ಏನು ಮಾರುತ್ತೀರಿ ಅನ್ನೋದು ಆ ಸಾಲಿನಲ್ಲಿ ಇಲ್ಲವೇ ಇಲ್ಲ! ಎಡವಿದ್ದು ಅಲ್ಲೇ ಅನ್ನೋದು ನನ್ನ ಊಹೆ.

ಹಾಗಾಗಿ "ನಾನು ಏನೂ ಮಾರಲ್ಲ" ಎಂದು ಬರೆಯಬೇಡಿ. ಪುಡಿ ಮಾರುತ್ತೀರಿ, ನಂಬರ್ ಅವರ ಎದುರಿಗೇ ಇದೆ. ಅದನ್ನು ಮೊದಲೇ ಹೇಳಿಬಿಡಿ. ಐದು ವರ್ಷದ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಪರಿಶೀಲಿಸುವವರು ನೋಡೋದು ನಿಯಮ ಮುರಿದಿದೆಯೋ ಇಲ್ಲವೋ ಅಷ್ಟನ್ನೇ. ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಹಾಕಿ. ಉತ್ತರ ಬರುವ ತನಕ ಹೊಸ ಚಾನೆಲ್ ತೆರೆಯಬೇಡಿ, ನಿಷೇಧ ತಪ್ಪಿಸಿಕೊಳ್ಳುವ ಪ್ರಯತ್ನ ಅಂತ ಅದನ್ನೂ ಮುಚ್ಚುತ್ತಾರೆ.

ಒಗ್ಗರಣೆ_ತುಮಕೂರು:
ಅಯ್ಯೋ, ಆ ಸಾಲನ್ನು ನಾನು ಹೀಗೆ ಓದಿಯೇ ಇರಲಿಲ್ಲ. ತಿದ್ದಿ ಬರೆದಿದ್ದೇನೆ:

"ನನ್ನ ಚಾನೆಲ್ ಅನ್ನು ನಿಯಂತ್ರಿತ ವಸ್ತುಗಳ ಮಾರಾಟದ ನಿಯಮದಡಿ ಮುಚ್ಚಲಾಗಿದೆ. ತೋರಿಸಿರುವ ವಿಡಿಯೋ ಗಸಗಸೆ ಪಾಯಸದ್ದು. ಇದು ಕರ್ನಾಟಕದಲ್ಲಿ ಹಬ್ಬಕ್ಕೆ ಮಾಡುವ ಸಿಹಿ. ಗಸಗಸೆ ಬೀಜ ಭಾರತದಲ್ಲಿ ಅಂಗಡಿಗಳಲ್ಲಿ ಸಿಗುವ ಅಡುಗೆ ಸಾಮಗ್ರಿ. ವಿಡಿಯೋದಲ್ಲಿ ಅದನ್ನು ಹುರಿದು, ರುಬ್ಬಿ, ಬೆಲ್ಲದೊಂದಿಗೆ ಕುದಿಸುವುದನ್ನು ಮಾತ್ರ ತೋರಿಸಿದ್ದೇನೆ. ವಿವರಣೆಯ ವಾಟ್ಸಾಪ್ ನಂಬರ್ ಮನೆಯಲ್ಲಿ ಮಾಡಿದ ಸಾರಿನ ಪುಡಿ, ಚಟ್ನಿಪುಡಿಗೆ ಸಂಬಂಧಿಸಿದ್ದು. ಗಸಗಸೆಯನ್ನು ನಾನು ಮಾರುವುದಿಲ್ಲ. 'ಗಾಢ ನಿದ್ದೆ' ಎಂಬುದು ಊಟದ ನಂತರದ ನಿದ್ದೆಯ ಬಗ್ಗೆ ಆಡುವ ಮಾತು. ಚಾನೆಲ್ ಮರಳಿದರೆ ಶೀರ್ಷಿಕೆ ಬದಲಿಸಿ, ನಂಬರಿನ ಪಕ್ಕ ಏನು ಮಾರುತ್ತೇನೆಂದು ಬರೆಯುತ್ತೇನೆ. ದಯವಿಟ್ಟು ವಿಡಿಯೋ ಪೂರ್ತಿ ನೋಡಿ ಮರುಪರಿಶೀಲಿಸಿ."

ಮಂಜು_ಹಾಸನ:
ಇದು ಚೆನ್ನಾಗಿದೆ ಅಕ್ಕಾ. ಆದ್ರೆ ಶೀರ್ಷಿಕೆ ಬದಲಿಸ್ತೀನಿ ಅಂದ್ರೆ ಅದೂ ತಪ್ಪು ಒಪ್ಪಿಕೊಂಡ ಹಾಗೆ ಅಲ್ವಾ?

ಕ್ಯಾಮೆರಾ_ಭಟ್ರು:
ನನಗೆ ಹಾಗನ್ನಿಸಲ್ಲ, ಗೊಂದಲ ಸರಿಪಡಿಸ್ತೀನಿ ಅಂದ ಹಾಗೆ. ಆ ಸಾಲು ಬೇಡ ಅನ್ನೋರೂ ಇದ್ದಾರೆ. ಮೇಡಂ, ನಿಮಗೆ ಸರಿ ಕಂಡಂತೆ ಮಾಡಿ.

ಒಗ್ಗರಣೆ_ತುಮಕೂರು:
ಆ ಸಾಲು ಇಟ್ಟೇ ಈಗ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ, ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.