ಏಪ್ರಿಲ್‌ನಲ್ಲಿ ಒಣಗಿಸಿದ ಪುದೀನ ಜುಲೈಗೆ ಹುಲ್ಲಿನ ವಾಸನೆ: ಅನುಭವ ಇದ್ದವರು ಹೇಳಿ

ನಿಟುವಳ್ಳಿ ಹಿತ್ತಲು: ಹಿತ್ತಲಿನ ಪುದೀನವನ್ನು ಏಪ್ರಿಲ್‌ನಲ್ಲಿ ಬಿಡಿಸಿ, ಒಂದು ಕೆಜಿ ಎಲೆಯನ್ನು ಕೋಣೆಯಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿದೆ. 240 ಗ್ರಾಂ ಬಂತು. ಮುಟ್ಟಿದರೆ ಗರಿಗರಿ ಎನ್ನುತ್ತಿತ್ತು. ಸ್ಟೀಲ್ ಡಬ್ಬಿಗೆ ತುಂಬಿ ಒಲೆಯ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೆ. ಈಗ ಜುಲೈ. ತೆಗೆದು ನೋಡಿದರೆ ಎಲೆ ಮೆತ್ತಗಾಗಿದೆ, ಅಲ್ಲಲ್ಲಿ ಕಪ್ಪಾಗಿದೆ, ಪುದೀನದ ಘಮವೇ ಇಲ್ಲ. ಅದೇ ವಾರ ಒಣಗಿಸಿದ ತುಳಸಿ ಪರವಾಗಿಲ್ಲ. ತಪ್ಪಿದ್ದು ಎಲ್ಲಿ? ವರ್ಷಪೂರ್ತಿ ಘಮ ಉಳಿಸಿಕೊಂಡವರು ಯಾರಾದರೂ ಇದ್ದೀರಾ?

ಪಿ.ಜೆ. ಬಡಾವಣೆ: ಇದ್ದೇನೆ. ಆದರೆ ಆ ಘಮಕ್ಕೆ ನಾನು 7,200 ರೂಪಾಯಿ ಕೊಟ್ಟಿದ್ದೇನೆ. ತಟ್ಟೆಗಳಿರುವ ವಿದ್ಯುತ್ ಡ್ರೈಯರ್ ತರಿಸಿದೆ. ಮೊದಲ ದಿನ ಬೇಗ ಮುಗಿಯಲಿ ಎಂದು 65 ಡಿಗ್ರಿಗೆ ಇಟ್ಟೆ. ಮನೆಯೆಲ್ಲ ಪುದೀನದ ಪರಿಮಳ! ಎದುರುಮನೆಯವರು ಬಾಗಿಲಿಗೆ ಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ನನಗೂ ಹೆಮ್ಮೆಯೋ ಹೆಮ್ಮೆ. ಸಂಜೆ ಎಲೆ ತೆಗೆದು ತಿಕ್ಕಿ ಮೂಸಿದರೆ ಒಣಹುಲ್ಲು. ಬೀದಿಗೆ ಹೋದ ಪರಿಮಳ ಡಬ್ಬಿಗೆ ಬರುವುದು ಹೇಗೆ? ಮೂರು ಕೆಜಿ ಸೊಪ್ಪು, ಬಿಡಿಸಲು ಕೂತ ಅರ್ಧ ದಿನ, ಎಲ್ಲವೂ ಹೋಯಿತು. ಈಗ 40 ಡಿಗ್ರಿ ದಾಟಿಸುವುದಿಲ್ಲ. ಒಂಬತ್ತು ಹತ್ತು ಗಂಟೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಇನ್ನೂ ಹೆಚ್ಚು. ಹಿಡಿಯಲಿ ಬಿಡಿ. ಎಲೆ ಹಸಿರಾಗಿಯೇ ಉಳಿಯುತ್ತದೆ. ಫ್ಯಾನ್, ಬಿಸಿಲು ಎಲ್ಲವನ್ನೂ ನೋಡಿಯಾಗಿದೆ, ಡ್ರೈಯರ್ ಇಲ್ಲದೆ ಆಗದು.

ದುರ್ಗದ ಮೇಷ್ಟ್ರು: ಏಳು ಸಾವಿರ ಕೊಟ್ಟು ಗಾಳಿ ಕೊಂಡವರನ್ನು ಇಂದು ಕಂಡಂತಾಯಿತು. ತಾಯಿ, ನಮ್ಮೂರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ನಿವೃತ್ತಿಯಾದ ಮೇಲೆ ಹನ್ನೊಂದು ವರ್ಷಗಳಿಂದ ತುಳಸಿ, ಕಾಮಕಸ್ತೂರಿ, ಪುದೀನ ಎಲ್ಲವನ್ನೂ ಪಡಸಾಲೆಯ ತೊಲೆಗೆ ಕಟ್ಟಿ ತೂಗುಹಾಕುತ್ತಿದ್ದೇನೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹೂ ಬಿಡುವ ಮೊದಲು ಕೊಯ್ಯಬೇಕು. ಕಟ್ಟು ಹೆಬ್ಬೆರಳಿನ ದಪ್ಪ ಮೀರಬಾರದು. ಒಂದು ವರ್ಷ ಸೋಮಾರಿತನದಿಂದ ಮುಷ್ಟಿ ಗಾತ್ರದ ಕಟ್ಟು ಕಟ್ಟಿದೆ. ಹೊರಗಿನ ಎಲೆ ಒಣಗಿ, ನಡುವಿನದು ಬೆವತು ಕಪ್ಪಾಗಿ ಬೂಷ್ಟು ಹಿಡಿಯಿತು. ಹದಿನಾಲ್ಕು ಕಟ್ಟು ತಿಪ್ಪೆಗೆ. ಕೊನೆಯಲ್ಲಿ ಅರ್ಧ ದಿನ ಬಿಸಿಲಿಗೆ ಇಟ್ಟರೆ ಹುಳದ ಮೊಟ್ಟೆಯೂ ಸಾಯುತ್ತದೆ. ಖರ್ಚು: ಹುರಿ ಹನ್ನೆರಡು ರೂಪಾಯಿ.

ಚನ್ನಗಿರಿ ಅಡಿಕೆ: ದೊಡ್ಡಪತ್ರೆಯ ಬಗ್ಗೆ ಕೇಳಿದ್ದೀರಿ, ಹೇಳುತ್ತೇನೆ. ಒಣಗಿಸಲು ಹೋಗಬೇಡಿ. ಮೊಮ್ಮಗನ ಕೆಮ್ಮಿಗೆ ಬೇಕೆಂದು ನಾಲ್ಕು ಕೆಜಿ ಎಲೆಯನ್ನು ಅಡಿಕೆ ಕಣದ ಬದಿಯಲ್ಲಿ ನೆಟ್ ಹಾಸಿ ಹರಡಿದೆ. ಎಲೆಯೊಳಗೆ ನೀರು ತುಂಬಿಕೊಂಡಿರುತ್ತದಲ್ಲ, ಮೂರನೆಯ ದಿನಕ್ಕೂ ಚಿವುಟಿದರೆ ರಸ ಬರುತ್ತಿತ್ತು. ಐದನೆಯ ದಿನ ಅಂಚು ಕಂದಾಯಿತು. ಒಂಬತ್ತನೆಯ ದಿನ ಹುಣಸೆಹಣ್ಣಿನ ಸಿಪ್ಪೆಯಂತೆ ಕಪ್ಪಾಗಿ ಅಂಟಂಟು. ಎಳೆಯಾಗಿ ಸೀಳಿ ಹಾಕಿದ್ದರೆ ಒಣಗುತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರು, ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. ಗಿಡ ವರ್ಷವಿಡೀ ಕುಂಡದಲ್ಲಿ ಹಸಿರಾಗಿಯೇ ಇರುವಾಗ ಒಣಗಿಸುವ ಚಪಲ ಏಕೆ ಎಂದು ಮನೆಯಾಕೆ ಇಂದಿಗೂ ಹಂಗಿಸುತ್ತಾಳೆ.

ಪಿ.ಜೆ. ಬಡಾವಣೆ: ಅವರು ಕೇಳಿದ್ದು ಪುದೀನ, ಅಣ್ಣ. ಮೇಷ್ಟ್ರೇ, ನಿಮ್ಮ ತೊಲೆಯ ಕಟ್ಟಿನ ಮೇಲೆ ಎಷ್ಟು ದೂಳು ಕೂರುತ್ತದೆ ಎಂದು ಹೇಳಲಿಲ್ಲ. ಅದೂ ಬಿಸಿಲಿಗೆ! ಬಿಸಿಲಲ್ಲಿ ಇಟ್ಟ ಪುದೀನ ಮಧ್ಯಾಹ್ನಕ್ಕೆ ಹಳದಿಯಾಗುವುದನ್ನು ನಾನೇ ಕಂಡಿದ್ದೇನೆ.

ದುರ್ಗದ ಮೇಷ್ಟ್ರು: ಕಟ್ಟಿಗೆ ತೆಳುವಾದ ಹಳೆಯ ಪಂಚೆ ಸುತ್ತುತ್ತೇನೆ. ಅದನ್ನೂ ಹೇಳಿಕೊಡಬೇಕೇ?

ಮಂಡಕ್ಕಿ ಭಟ್ಟಿ ಪಕ್ಕದ ಮನೆ: ಗಾಳಿ ಎಂದು ಸುಲಭವಾಗಿ ಹೇಳುತ್ತೀರಿ ಸರ್. ದಾವಣಗೆರೆಯಲ್ಲಿ ನಮ್ಮ ಬೀದಿಯಲ್ಲಿ ಒಂದು ಬಾರಿ ತಾರಸಿಯ ಮೇಲೆ ಬಿಳಿ ಬಟ್ಟೆ ಹಾಸಿ ನೋಡಿ. ಸಂಜೆಗೆ ಭಟ್ಟಿಯ ಮಸಿ ಎಳ್ಳು ಚೆಲ್ಲಿದಂತೆ ಬಿದ್ದಿರುತ್ತದೆ. ಒಣಗಿದ ಎಲೆಯನ್ನು ಮತ್ತೆ ತೊಳೆಯಲು ಆಗುತ್ತದೆಯೇ? ನಾನು ತೊಳೆದೆ. ಒಣಗಿದ ತುಳಸಿಯನ್ನು ತೊಳೆದ ಊರಿನ ಏಕೈಕ ಹೆಂಗಸು ನಾನು.

ಹಿರಿಯೂರು ಕಷಾಯ: ನಾನು ಆರು ವರ್ಷಗಳಿಂದ ಕಷಾಯದ ಪುಡಿ ಮಾಡಿ ಪರಿಚಿತರಿಗೆ ಕೊಡುತ್ತೇನೆ. ಎರಡನೆಯ ವರ್ಷ ಹನ್ನೊಂದು ಕೆಜಿ ಒಣ ತುಳಸಿಯನ್ನು ಕಳೆದುಕೊಂಡೆ. ಚೀಲದ ತಳದಲ್ಲಿ ಹಿಟ್ಟಿನಂತೆ ಪುಡಿ, ಎಲೆಯಲ್ಲಿ ಸೂಜಿಮೊನೆಯಷ್ಟು ತೂತು, ಬೆಳಕಿಗೆ ಹಿಡಿದರೆ ಗುಂಡಗಿನ ಸಣ್ಣ ಕಂದು ಹುಳಗಳು. ಮೇಷ್ಟ್ರು ಹೇಳಿದಂತೆ ಅದಕ್ಕೂ ಬಿಸಿಲು ತೋರಿಸಿದ್ದೆ. ಬಿಸಿಲಿಗೆ ಓಡಾಡುವ ಹುಳ ಓಡಿಹೋಗುತ್ತದೆ, ಒಳಗಿನ ಮೊಟ್ಟೆಯ ಭರವಸೆ ಇಲ್ಲ. ಈಗ ಒಣಗಿದ ಎಲೆಯನ್ನು ಬಿಗಿಯಾಗಿ ಮುಚ್ಚಿ ಒಂದು ವಾರ ಫ್ರೀಜರ್‌ನಲ್ಲಿ ಇಡುತ್ತೇನೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬಾರದು. ತಣ್ಣಗಿನ ಎಲೆಯ ಮೇಲೆ ಗಾಳಿಯ ನೀರು ಇಬ್ಬನಿಯಂತೆ ಕೂರುತ್ತದೆ. ರಾತ್ರಿ ಹೊರಗಿಟ್ಟು, ಬಾಟಲಿಯ ತಂಪೆಲ್ಲ ಹೋದ ಮೇಲೆ ಬೆಳಿಗ್ಗೆ ಬಿಚ್ಚಬೇಕು.

ಇಷ್ಟೊಂದು ಜಗಳದ ನಡುವೆ ಆ ತಂಗಿ ಬರೆದ 240 ಗ್ರಾಂ ಯಾರ ಕಣ್ಣಿಗೂ ಬೀಳಲಿಲ್ಲವೇ? ಒಂದು ಕೆಜಿ ಪುದೀನ ಎಲೆ ನನ್ನ ತಕ್ಕಡಿಯಲ್ಲಿ 165ರಿಂದ 180 ಗ್ರಾಂಗೆ ಬಂದು ನಿಲ್ಲುತ್ತದೆ. ನಿಮ್ಮದರಲ್ಲಿ ಇನ್ನೂ ಅರವತ್ತು ಗ್ರಾಂನಷ್ಟು ನೀರು ಉಳಿದಿತ್ತು, ತಂಗಿ. ಗರಿಗರಿ ಎಂದಿದ್ದು ಎಲೆಯ ತೆಳು ಭಾಗ. ನೀರು ಅಡಗಿ ಕೂತಿದ್ದು ತೊಟ್ಟಿನಲ್ಲಿ, ನಡುನರದಲ್ಲಿ. ಡಬ್ಬಿಗೆ ಹಾಕಿ ಮುಚ್ಚಿದಿರಿ, ಆ ನೀರು ನಿಧಾನವಾಗಿ ಎಲ್ಲ ಎಲೆಗೂ ಹಂಚಿಹೋಯಿತು. ತುಳಸಿ ಉಳಿದದ್ದು ಅದರ ಎಲೆ ತೆಳ್ಳಗಿದ್ದ ಕಾರಣಕ್ಕೆ ಇರಬೇಕು.

ನಾನು ಮಾಡುವುದು ಇಷ್ಟು. ಖಾಲಿ ತಟ್ಟೆಯ ತೂಕ ಬರೆದಿಡುತ್ತೇನೆ. ಎಲೆ ಒಂದರ ಮೇಲೊಂದು ಬೀಳದಂತೆ ಹರಡುತ್ತೇನೆ. ಒಣಗಿತು ಅನಿಸಿದಾಗ ತೂಗಿ, ಮೂರು ಗಂಟೆ ಬಿಟ್ಟು ಮತ್ತೆ ತೂಗುತ್ತೇನೆ. ತೂಕ ಇಳಿಯುತ್ತಿದ್ದರೆ ಇನ್ನೂ ಕೆಲಸವಿದೆ. ನಿಂತರೆ ತೊಟ್ಟನ್ನು ಬಗ್ಗಿಸಿ ನೋಡುತ್ತೇನೆ. ಬಾಗಿದರೆ ಹಸಿ, ಟಪ್ ಎಂದು ಮುರಿದರೆ ಸರಿ. ಆಮೇಲೆ ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ ರಾತ್ರಿ ಮುಚ್ಚಿಡುತ್ತೇನೆ. ಬೆಳಿಗ್ಗೆ ಅದೇ ಎಲೆ ಮೆತ್ತಗಾಗಿದ್ದರೆ, ಗಾಜಿನೊಳಗೆ ಮಂಜು ಕಂಡರೆ, ಎಲ್ಲವನ್ನೂ ಮತ್ತೆ ಹರಡುತ್ತೇನೆ.

ಆದರೆ ತಕ್ಕಡಿಯೂ ಮೋಸ ಮಾಡುತ್ತದೆ. ಆಗಸ್ಟ್‌ನಲ್ಲಿ ಒಣಗಿಸಿದಾಗ 205 ಗ್ರಾಂಗೆ ತೂಕ ನಿಂತುಬಿಟ್ಟಿತು. ಎರಡು ದಿನ ಕಾದರೂ ಕದಲಲಿಲ್ಲ. ಎಲೆ ಒಣಗಿ ನಿಂತದ್ದಲ್ಲ, ಸುತ್ತಲಿನ ಗಾಳಿಯ ತೇವಕ್ಕೆ ಸಮವಾಗಿ ನಿಂತದ್ದು. ಅಂಥ ದಿನಗಳಲ್ಲಿ ತೊಲೆಗೆ ಕಟ್ಟಿ ಎಷ್ಟು ಕಾದರೂ ಪ್ರಯೋಜನವಿಲ್ಲ. ಆಗ ನಾನು ಡ್ರೈಯರ್‌ನಲ್ಲಿ 40 ಡಿಗ್ರಿಗೆ ಇಟ್ಟು ಉಳಿದ ನೀರನ್ನು ತೆಗೆಯುತ್ತೇನೆ. ಏಪ್ರಿಲ್‌ನಲ್ಲಿ ಡ್ರೈಯರ್ ಅನ್ನು ಮುಟ್ಟುವುದೇ ಇಲ್ಲ.

ದುರ್ಗದ ಮೇಷ್ಟ್ರು: ಏಪ್ರಿಲ್‌ನಲ್ಲಿ ಮುಟ್ಟುವುದಿಲ್ಲ ಎಂದಿರಲ್ಲ, ಅಷ್ಟು ಸಾಕು.

ಪಿ.ಜೆ. ಬಡಾವಣೆ: ಆಗಸ್ಟ್‌ನಲ್ಲಿ ಡ್ರೈಯರ್ ಬೇಕು ಎಂದದ್ದನ್ನು ಓದದೆ ಮುಂದೆ ಹೋದಿರೇನು?

ದುರ್ಗದ ಮೇಷ್ಟ್ರು: ಆಗಸ್ಟ್‌ನಲ್ಲಿ ಪುದೀನ ಕೊಯ್ಯುವುದೇ ತಪ್ಪು. ಮಳೆಯಲ್ಲಿ ಬೆಳೆದ ಸೊಪ್ಪಿನಲ್ಲಿ ನೀರು ಹೆಚ್ಚು, ಘಮ ಕಡಿಮೆ. ಇನ್ನೊಂದು, ಗಾಜಿನ ಬಾಟಲಿಯಲ್ಲಿ ಬೆಳಕು ಬಿದ್ದು ಬಣ್ಣ ಹೋಗುತ್ತದೆ. ಸ್ಟೀಲ್ ಡಬ್ಬಿಯನ್ನು ಬೈಯಬೇಡಿ.

ಹಿರಿಯೂರು ಕಷಾಯ: ಗಾಜನ್ನು ಕಪಾಟಿನ ಕತ್ತಲೆಯಲ್ಲಿ ಇಡುತ್ತೇನೆ ಸರ್. ಸ್ಟೀಲ್ ಅನ್ನು ನಾನೆಲ್ಲಿ ಬೈದೆ? ಬೈಯಬೇಕಾದದ್ದು ಒಲೆಯ ಮೇಲಿನ ಶೆಲ್ಫ್ ಅನ್ನು. ದಿನಕ್ಕೆ ಮೂರು ಬಾರಿ ಡಬ್ಬಿ ಕಾಯುತ್ತದೆ, ಪ್ರತಿಬಾರಿ ಎಲೆಯೊಳಗಿನ ಎಣ್ಣೆಯ ಘಮ ಎಲೆ ಬಿಟ್ಟು ಡಬ್ಬಿಯ ಗಾಳಿಗೆ ಬರುತ್ತದೆ, ಮುಚ್ಚಳ ತೆಗೆದಾಗ ಹಾರಿಹೋಗುತ್ತದೆ. ದೊಡ್ಡ ಡಬ್ಬಿ ಒಂದೇ ಇದ್ದರೆ ಮಳೆಗಾಲದಲ್ಲಿ ದಿನಾ ಮುಚ್ಚಳ ತೆಗೆದು ತೇವವನ್ನೂ ಒಳಗೆ ಬಿಡುತ್ತೇವೆ. ಅದಕ್ಕೇ ನಾನು ಐವತ್ತು ಗ್ರಾಂ ಬಾಟಲಿಗಳಲ್ಲಿ ಹಂಚಿಡುತ್ತೇನೆ. ಒಂದು ಮುಗಿದ ಮೇಲೆ ಇನ್ನೊಂದು. ಎಲೆಯನ್ನು ಪುಡಿ ಮಾಡಿಡುವುದಿಲ್ಲ, ಬಳಸುವಾಗ ಅಂಗೈಯಲ್ಲಿ ತಿಕ್ಕುತ್ತೇನೆ. ಇಷ್ಟು ಮಾಡಿದರೂ ಹತ್ತನೆಯ ತಿಂಗಳಿಗೆ ಘಮ ಇಳಿದಿರುತ್ತದೆ, ಸುಳ್ಳು ಹೇಳುವುದಿಲ್ಲ. ಕಷಾಯಕ್ಕೆ ಒಂದೂವರೆ ಪಾಲು ಹಾಕುತ್ತೇನೆ.

ಚನ್ನಗಿರಿ ಅಡಿಕೆ: ಕೊತ್ತಂಬರಿ ಸೊಪ್ಪಿಗೂ ಇದೇ ಲೆಕ್ಕವೇ?

ಹಿರಿಯೂರು ಕಷಾಯ: ಅಲ್ಲ. ಅದನ್ನು ಎಷ್ಟೇ ನಾಜೂಕಾಗಿ ಒಣಗಿಸಿದರೂ ಹಸಿ ಕೊತ್ತಂಬರಿಯ ವಾಸನೆ ನಿಲ್ಲುವುದಿಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ಹೆಚ್ಚಿ ಫ್ರೀಜರ್‌ಗೆ ಹಾಕಿ.

ಪಿ.ಜೆ. ಬಡಾವಣೆ: ಡ್ರೈಯರ್‌ನಲ್ಲಿ ನಿಲ್ಲುತ್ತದೆ.

ಹಿರಿಯೂರು ಕಷಾಯ: ನಿಲ್ಲುವುದಿಲ್ಲ ಅಕ್ಕ.

ಪಿ.ಜೆ. ಬಡಾವಣೆ: ನನ್ನ ಮನೆಗೆ ಬಂದು ಮೂಸಿ ನೋಡಿ.

ನಿಟುವಳ್ಳಿ ಹಿತ್ತಲು: ಎಲ್ಲರಿಗೂ ನಮಸ್ಕಾರ. ಪುದೀನವನ್ನು ಗಿಡದ ಬುಡಕ್ಕೆ ಸುರಿದೆ. ಚೆನ್ನಾಗಿದೆ ಎಂದುಕೊಂಡಿದ್ದ ತುಳಸಿಯನ್ನೂ ತೂಗಿದೆ. 50 ಗ್ರಾಂ ತೆಗೆದು, ಪಕ್ಕದ ಮನೆಯವರ ಡ್ರೈಯರ್‌ನಲ್ಲಿ 40 ಡಿಗ್ರಿಗೆ ಎರಡು ಗಂಟೆ ಇಟ್ಟು ಮತ್ತೆ ತೂಗಿದರೆ 45. ಅಂದರೆ ಅದೂ ತೇವ ಕುಡಿದಿತ್ತು. ಕೆಟ್ಟಿರಲಿಲ್ಲ, ಅಷ್ಟೆ. ಈಗ ಹಳೆಯ ಜಾಮ್ ಬಾಟಲಿಗಳಿಗೆ ಹಾಕಿ ಬಟ್ಟೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ನಮ್ಮವರ ಅಂಗಿಗಳೆಲ್ಲ ತುಳಸಿ ವಾಸನೆ ಬರುತ್ತಿವೆ. ಮುಚ್ಚಳ ಬಿಗಿಯಾಗಿಲ್ಲ ಎಂದೇ ಇದರ ಅರ್ಥ, ಅಲ್ಲವೇ?

ಹಿರಿಯೂರು ಕಷಾಯ: ಹೌದು. ಮುಚ್ಚಳದ ಒಳಗಿನ ರಬ್ಬರ್ ಪದರ ಸವೆದಿರುತ್ತದೆ. ಬಾಟಲಿ ಬದಲಿಸಿ.

ದುರ್ಗದ ಮೇಷ್ಟ್ರು: ನನ್ನ ಏಪ್ರಿಲ್ ಪುದೀನ ಒಂದು ಡಬ್ಬಿ ಇದೆ. ಮುಂದಿನ ವಾರ ದಾವಣಗೆರೆಗೆ ಬರುತ್ತೇನೆ. ಪಿ.ಜೆ. ಬಡಾವಣೆಯ ತಾಯಿ ತಮ್ಮ ಡ್ರೈಯರ್ ಪುದೀನ ತರಲಿ, ಹಿರಿಯೂರಿನವರ ಕಣ್ಣಿಗೆ ಬಟ್ಟೆ ಕಟ್ಟಿ ಮೂಸಿಸೋಣ.

ಪಿ.ಜೆ. ಬಡಾವಣೆ: ಮಂಗಳವಾರ ಬಿಟ್ಟು ಯಾವ ದಿನವಾದರೂ ಬನ್ನಿ. ಅಂದು ನಮ್ಮಲ್ಲಿ ಕರೆಂಟ್ ಇರುವುದಿಲ್ಲ.

ದುರ್ಗದ ಮೇಷ್ಟ್ರು: ಹಾಗಾದರೆ ಮಂಗಳವಾರವೇ ಬರುತ್ತೇನೆ.