ಎರಡು ಭಾಷೆಯ ವಿಸಿಟಿಂಗ್ ಕಾರ್ಡು: ಹದಿನಾಲ್ಕು ಸಾಲು ಹಿಡಿಸಿದೆ, ಆದರೆ ಏನೂ ಕಾಣುತ್ತಿಲ್ಲ

ಅರಸೀಕೆರೆಯಿಂದ
ಸೋದರಮಾವನಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಕಾರ್ಡು ಮಾಡಿಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಅಳತೆ ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ. ಕನ್ನಡದಲ್ಲಿ ಏಳು ಸಾಲು, ಅದನ್ನೇ ಇಂಗ್ಲಿಷಿನಲ್ಲಿ ಏಳು ಸಾಲು. ಎಲ್ಲವೂ 6.5 ಪಾಯಿಂಟ್, ಸಾಲಿನಿಂದ ಸಾಲಿಗೆ 8 ಪಾಯಿಂಟ್. ಇಂಕ್‌ಸ್ಕೇಪ್‌ನಲ್ಲಿ ಚೆನ್ನಾಗಿಯೇ ಕಂಡಿತು. ಪ್ರೆಸ್ಸಿನಿಂದ ಪ್ರೂಫ್ ಬಂದಾಗ ಮೂರು ತೊಂದರೆ ಕಂಡವು: ‘ಅಡ್ಡರಸ್ತೆ’ಯ ಒತ್ತುಗಳು ಕೆಳಗಿನ ಇಂಗ್ಲಿಷ್ ಸಾಲಿಗೆ ತಾಗಿವೆ, ‘ವರ್ಕ್ಸ್’ ಒಡೆದು ಬಿಡಿಬಿಡಿ ಅಕ್ಷರವಾಗಿದೆ, ಫೋನ್ ನಂಬರನ್ನು ಹುಡುಕಬೇಕಾಗಿದೆ. ಅಕ್ಷರವನ್ನು 6ಕ್ಕೆ ಇಳಿಸಿದರೆ ಸರಿಹೋಗುತ್ತದೆಯೇ?

ಎರಡುಮುಖ
ಇಳಿಸಬೇಡಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಮಾಡಿ, ಅಲ್ಲಿಗೆ ಮುಗಿಯಿತು. ಆಗಲೂ ಜಾಗ ಸಾಲದಿದ್ದರೆ ಕನ್ನಡವನ್ನು ಅಗಲದಲ್ಲಿ ಶೇಕಡಾ 80ಕ್ಕೆ ಒತ್ತಿ. ನಾನು ಯಾವಾಗಲೂ ಹಾಗೆಯೇ ಮಾಡುವುದು.

ಅರಸೀಕೆರೆಯಿಂದ
ಹಿಂಬದಿಗೆ ಮಾವ ಒಪ್ಪುವುದಿಲ್ಲ. ರೈತರು ಮೋಟಾರ್ ಬಿಟ್ಟು ಹೋಗುವಾಗ ಎಷ್ಟು ಎಚ್‌ಪಿ, ಮುಂಗಡ ಎಷ್ಟು, ಯಾವ ವಾರ ಬರಬೇಕು ಎಂಬುದನ್ನು ಕಾರ್ಡಿನ ಹಿಂದೆಯೇ ಬಾಲ್‌ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಅವರ ರಸೀದಿ ಅದೇ.

ಗಡಿಕಾವಲು
ಒಂದು ಎಚ್ಚರಿಕೆ. ಕರ್ನಾಟಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂಬ ಕಾನೂನಿದೆ. ಇಂಗ್ಲಿಷನ್ನು ಸಮಸಮ ಹಾಕಿದರೆ ದಂಡ ಬೀಳಬಹುದು.

ಅಚ್ಚುಮನೆ
ಗಡಿಕಾವಲು ಅವರೇ, 2024ರ ಆ ತಿದ್ದುಪಡಿ ಅಂಗಡಿಯ ನಾಮಫಲಕದ ಮಾತು, ಜೇಬಿನ ಕಾರ್ಡಿನದ್ದಲ್ಲ.

ಅರಸೀಕೆರೆಯವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ಲೆಕ್ಕ ಹಾಕಿ ನೋಡಿ. ಎರಡು ಇಂಚು ಎಂದರೆ 51 ಮಿಲಿಮೀಟರ್. ಕಟಿಂಗ್ ಯಂತ್ರದ ಬ್ಲೇಡು ಸ್ವಲ್ಪ ಆಚೀಚೆ ಹೋಗುವುದರಿಂದ ಮೇಲೆ ಕೆಳಗೆ ಐದೈದು ಬಿಟ್ಟರೆ ಉಳಿಯುವುದು 41 ಮಿಲಿಮೀಟರ್, ಅಂದರೆ ಸುಮಾರು 116 ಪಾಯಿಂಟ್. ನಿಮ್ಮ ಹದಿನಾಲ್ಕು ಸಾಲನ್ನು ಎಂಟರಿಂದ ಗುಣಿಸಿದರೆ 112. ಹಿಡಿಸಿತು ಎಂದು ನಿಮಗೆ ಅನ್ನಿಸಿದ್ದು ಅದಕ್ಕೇ. ಆದರೆ ಎಂಟು ಪಾಯಿಂಟ್ ಇಂಗ್ಲಿಷಿಗೆ ಸಾಲುವ ಅಂತರ. ಕನ್ನಡದಲ್ಲಿ ಅಕ್ಷರದ ಮೇಲೆ ಗುಡಿಸು, ಕೆಳಗೆ ಒತ್ತು. ಎರಡಕ್ಕೂ ಉಸಿರಾಡಲು ಜಾಗ ಬೇಕು. ಅಕ್ಷರದ ಅಳತೆಯ ಸುಮಾರು ಒಂದೂವರೆ ಪಟ್ಟು ಅಂತರ ಕೊಡುವುದು ನನ್ನ ಅಭ್ಯಾಸ. ಓದಲು ಬರುವಂತೆ 7.5 ಪಾಯಿಂಟ್ ಇಟ್ಟರೆ ಸಾಲಿಗೆ 11 ಬೇಕು. ಏಳು ಕನ್ನಡ ಸಾಲಿಗೆ 77, ಏಳು ಇಂಗ್ಲಿಷ್ ಸಾಲಿಗೆ 56, ಒಟ್ಟು 133. ಇರುವುದು 116. ಅಕ್ಷರ ಇಳಿಸಿ ಗೆಲ್ಲುವ ಆಟವಲ್ಲ ಇದು, ಸಾಲು ಕಡಿಮೆ ಮಾಡಬೇಕು.

ಎರಡುಮುಖ ಅವರು ಅಕ್ಷರ ಇಳಿಸಬೇಡಿ ಎಂದದ್ದು ಸರಿ. ಅಗಲ ಒತ್ತುವುದು ಮಾತ್ರ ಬೇಡ. ಒತ್ತಿದಾಗ ಲಂಬ ಗೆರೆಗಳು ಸಣಕಲಾಗುತ್ತವೆ, ಅಡ್ಡ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ಇಕ್ಕಟ್ಟಾದ ಅಕ್ಷರವೇ ಬೇಕಿದ್ದರೆ `Anek Kannada` ನೋಡಿ, ಅದರಲ್ಲಿ ಕಿರಿದಾದ ರೂಪವನ್ನೇ ಬೇರೆ ಬಿಡಿಸಿದ್ದಾರೆ. ಅದಕ್ಕೆ ಹೊಂದುವ `Anek Latin` ಕೂಡ ಇರುವುದರಿಂದ ಎರಡು ಲಿಪಿಗಳು ಪಕ್ಕಪಕ್ಕದಲ್ಲಿ ಜಗಳವಾಡುವುದಿಲ್ಲ.

ಈಗ ಹೇಳಿ, ಇಂಗ್ಲಿಷ್ ಸಾಲುಗಳನ್ನು ಓದುವವರು ಯಾರು?

ಅರಸೀಕೆರೆಯಿಂದ
ಪಂಪ್ ಕಂಪನಿಗಳ ಪ್ರತಿನಿಧಿಗಳು, ಬಿಡಿಭಾಗ ಕಳುಹಿಸುವ ಕೊರಿಯರ್‌ನವರು. ಉಳಿದವರೆಲ್ಲ ರೈತರು.

ಅಚ್ಚುಮನೆ
ಹಾಗಾದರೆ ಆ ಪ್ರತಿನಿಧಿಗೆ ‘ಬಸ್ ನಿಲ್ದಾಣದ ಹಿಂಭಾಗ’ ಎಂಬುದರ ಅನುವಾದ ಏಕೆ? ಅಂಗಡಿಯ ಹೆಸರು ಮತ್ತು ಊರು ಇಂಗ್ಲಿಷಿನಲ್ಲಿ ಒಂದು ಸಾಲು ಇದ್ದರೆ ಸಾಕು, ಉಳಿದದ್ದನ್ನು ಅವನು ಫೋನಿನಲ್ಲಿ ಕೇಳುತ್ತಾನೆ. ‘ಮೋಟಾರ್ ರಿವೈಂಡಿಂಗ್’ ಎರಡೂ ಲಿಪಿಯಲ್ಲಿ ಒಂದೇ ಶಬ್ದ, ಎರಡು ಸಲ ಅಚ್ಚು ಹಾಕಿ ಏನು ಲಾಭ? ಫೋನ್ ನಂಬರಿಗೆ ಭಾಷೆಯೇ ಇಲ್ಲ, ಒಮ್ಮೆ ಸಾಕು.

ನಾನಾದರೆ ಹೀಗೆ ಹಾಕುತ್ತೇನೆ. ಕನ್ನಡದ ಹೆಸರು 13 ಪಾಯಿಂಟ್ ದಪ್ಪಕ್ಷರ, ಅದಕ್ಕೆ 19 ಪಾಯಿಂಟ್ ಎತ್ತರ. ಕೆಳಗೆ ಇಂಗ್ಲಿಷ್ ಹೆಸರು, ಊರು ತೆಳ್ಳಗೆ ಒಂದು ಸಾಲು, 11. ಮಾಡುವ ಕೆಲಸ ಕನ್ನಡದಲ್ಲಿ ಒಂದು ಸಾಲು, 13. ಫೋನ್ ನಂಬರ್ ಹೆಸರಿಗಿಂತ ಒಂದು ಕೂದಲೆಳೆ ದೊಡ್ಡದು, ಆದರೆ ಅಂಕಿಗೆ ಒತ್ತಿಲ್ಲದ್ದರಿಂದ ಎತ್ತರ 18 ಸಾಕು. ವಿಳಾಸ ಕನ್ನಡದಲ್ಲಿ ಎರಡು ಸಾಲು, 22. ಒಟ್ಟು 83. ಉಳಿಯುವ 33 ಪಾಯಿಂಟನ್ನು ಎಲ್ಲಾ ಸಾಲಿಗೂ ಸಮನಾಗಿ ಹಂಚಿಬಿಡಬೇಡಿ. ಹೆಸರಿನ ಕೆಳಗೆ ಸ್ವಲ್ಪ ಬಿಟ್ಟು, ಉಳಿದದ್ದನ್ನು ನಂಬರಿನ ಮೇಲೆ ಮತ್ತು ಕೆಳಗೆ ಗುಡ್ಡೆ ಹಾಕಿ. ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಅಕ್ಷರ ಹಾಕಿ ಮುಖ್ಯವಾದುದನ್ನು ತೋರಿಸುತ್ತಾರೆ. ಕನ್ನಡಕ್ಕೆ ಆ ಉಪಾಯ ಇಲ್ಲ. ನಮಗಿರುವುದು ಗಾತ್ರ, ದಪ್ಪ, ಖಾಲಿ ಜಾಗ, ಇಷ್ಟೇ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಚಾಳಿಯೂ ಕನ್ನಡಕ್ಕೆ ಬೇಡ, ‘ಸೋ’ದ ಕೊಂಬೂ ದೀರ್ಘವೂ ಬೇರೆ ಬೇರೆ ಊರಿಗೆ ಹೋಗುತ್ತವೆ.

ಹಲ್ಲಿನಂಗಡಿ
ನನ್ನ ಹೆಂಡತಿಯ ದಂತ ಚಿಕಿತ್ಸಾಲಯದ ಕಾರ್ಡಿನಲ್ಲಿ ವಿಳಾಸವನ್ನೇ ತೆಗೆದು ಕ್ಯೂಆರ್ ಹಾಕಿದೆವು. ಹೆಸರು, ವಿಳಾಸ ಎಲ್ಲ ಕನ್ನಡದಲ್ಲಿ ಅದರೊಳಗೆ ತುಂಬಿಸಿದೆ. ಮೊಬೈಲು ಅದನ್ನು ಓದುತ್ತಲೇ ಇಲ್ಲ. ಏಕೆ?

ಅಚ್ಚುಮನೆ
ಅಲ್ಲಿ ಒಂದೊಂದು ಕನ್ನಡ ಚಿಹ್ನೆಯೂ ಮೂರು ಬೈಟ್ ನುಂಗುತ್ತದೆ, ಒತ್ತಕ್ಷರಕ್ಕೆ ಇಂಥ ಮೂರು ನಾಲ್ಕು ಚಿಹ್ನೆ ಬೇಕು. ಚೌಕಗಳು ಸಾಸಿವೆಯಾಗಿ ಮಸಿ ಹರಡಿ ಒಂದಕ್ಕೊಂದು ಅಂಟಿರುತ್ತವೆ. ನಂಬರ್ ಮಾತ್ರ ಹಾಕಿ, ಚೌಕಗಳು ದೊಡ್ಡದಾಗುತ್ತವೆ:

```
tel:+91XXXXXXXXXX
```

ಅರಸೀಕೆರೆಯಿಂದ
‘ವರ್ಕ್ಸ್’ ಒಡೆದದ್ದು?

ಅಚ್ಚುಮನೆ
ಪ್ರೆಸ್ಸಿನವರು ನಿಮ್ಮ ಪಿಡಿಎಫ್ ಅನ್ನು ಕೋರೆಲ್‌ನಲ್ಲಿ ತೆರೆದಿರುತ್ತಾರೆ. ಅವರಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅರ್ಕಾವತ್ತು ಮೊದಲು ಮುರಿಯುತ್ತದೆ. ಮೂಲ ಕಡತವನ್ನು ಬೇರೆ ಇಟ್ಟುಕೊಂಡು, ನಕಲಿನಲ್ಲಿ ಎಲ್ಲವನ್ನೂ ಆಯ್ದು `Path > Object to Path` ಒತ್ತಿ ಕಳುಹಿಸಿ. ಅವರ ಭಾಷೆಯಲ್ಲಿ ಅದು ‘ಕರ್ವ್ಸ್’. ಇನ್ನೊಂದು: ನಿಮ್ಮ ಕಪ್ಪು ಅಲ್ಲಿ ನಾಲ್ಕು ಬಣ್ಣದ ಕಪ್ಪಾಗಿ ಬದಲಾಗಬಹುದು. ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಬರುತ್ತದೆ. ‘ಅಕ್ಷರಕ್ಕೆ ಕಪ್ಪು ಮಸಿ ಒಂದೇ ಇರಲಿ’ ಎಂದು ಹೇಳಿ, ಅವರೇ ಬದಲಿಸುತ್ತಾರೆ. ಹಿಂಬದಿಗೆ ಲ್ಯಾಮಿನೇಷನ್ ಬೇಡ ಎನ್ನುವುದನ್ನೂ ಮರೆಯಬೇಡಿ, ಮಾವನ ಬಾಲ್‌ಪೆನ್ ಜಾರುತ್ತದೆ.

ಗಡಿಕಾವಲು
ನಂಬರನ್ನಾದರೂ ಕನ್ನಡ ಅಂಕಿಯಲ್ಲಿ ಹಾಕಿಸಿ.

ಅಚ್ಚುಮನೆ
ಬಾಗಿಲ ಸಂಖ್ಯೆಗೆ ಹಾಕಲಿ, ನನ್ನ ತಕರಾರಿಲ್ಲ. ಫೋನಿಗೆ ಬೇಡ. ಕೀಲಿಮಣೆಯಲ್ಲಿ ಕಾಣುವ ಅಂಕಿಯೇ ಕಾರ್ಡಿನಲ್ಲಿ ಇರಬೇಕು, ೬ ಮತ್ತು ೯ ಸಣ್ಣ ಅಚ್ಚಿನಲ್ಲಿ ಕಣ್ಣು ತಪ್ಪಿಸುತ್ತವೆ.

ಗಡಿಕಾವಲು
ಬಸ್ಸಿನ ಮೇಲಿನ ಕನ್ನಡ ಅಂಕಿ ಓದುವ ಜನ ಕಾರ್ಡಿನಲ್ಲಿ ಓದುವುದಿಲ್ಲವೇ? ಒಪ್ಪುವುದಿಲ್ಲ.

ಅರಸೀಕೆರೆಯಿಂದ
ಹೊಸದನ್ನು ಮನೆಯ ಪ್ರಿಂಟರಿನಲ್ಲಿ ತೆಗೆದೆ. ಮೊದಲ ಸಲ `Fit to page` ಇದ್ದುದರಿಂದ ಅಳತೆಯೇ ಬದಲಾಗಿತ್ತು. `Actual size` ಮಾಡಿ ಮತ್ತೆ ತೆಗೆದು ಕತ್ತರಿಸಿದೆ. ಮಾವ ಕನ್ನಡಕವಿಲ್ಲದೆ ನಂಬರ್ ಓದಿದರು, ವಿಳಾಸಕ್ಕೆ ಮಾತ್ರ ಕಣ್ಣು ಕಿರಿದು ಮಾಡಿದರು. ಒತ್ತು ಎಲ್ಲೂ ತಾಗುತ್ತಿಲ್ಲ. ಆದರೆ ಈಗ ನೆತ್ತಿಯ ಮೇಲೆ ‘ಶ್ರೀ ಗಣೇಶಾಯ ನಮಃ’ ಬೇಕಂತೆ. ಅದಕ್ಕೆ 9 ಪಾಯಿಂಟ್ ಎಲ್ಲಿಂದ ತರಲಿ?

ಅಚ್ಚುಮನೆ
ಹೆಸರಿನ ಕೆಳಗಿನ ಖಾಲಿ ಜಾಗದಿಂದ. ನಂಬರಿನ ಸುತ್ತಲಿನದನ್ನು ಗಣೇಶ ಕೇಳಿದರೂ ಕೊಡಬೇಡಿ.