ಪ್ರಶ್ನೋತ್ತರ: ಯೂರೋ ಕಾಲಂ ಕೂಡುತ್ತಿಲ್ಲ

ರಮ್ಯಾ: ವೀಣಾ ಮೇಡಂ, ಎಕ್ಸೆಲ್‌ನಲ್ಲಿ ಯೂರೋ ಮೊತ್ತಗಳ ಕಾಲಂ ಇದೆ. SUM ಹಾಕಿದರೆ 0 ಬರುತ್ತಿತ್ತು. ಗ್ರೂಪಲ್ಲಿ ಫಾರ್ವರ್ಡ್ ಆಗಿದ್ದ ಉಪಾಯ ನೋಡಿ €, ಸ್ಪೇಸ್, ಕಾಮಾ ಎಲ್ಲ ರಿಪ್ಲೇಸ್‌ನಲ್ಲಿ ತೆಗೆದೆ. ಈಗ ಮೊತ್ತ ಬರುತ್ತಿದೆ, ಆದರೆ ತೀರಾ ಕಡಿಮೆ ಅನಿಸುತ್ತಿದೆ. ಮೊದಲ ಮೂರು ಸಾಲು ಹೀಗಿದ್ದವು:

```
€ 1.234,50
€ 850,00
€ 1.234.567,80
```

ವೀಣಾ: ಸೇವ್ ಮಾಡಿಲ್ಲ ತಾನೆ? ತಕ್ಷಣ Ctrl+Z ಒತ್ತಿ.

ಈ ಪಟ್ಟಿಯಲ್ಲಿ ಚುಕ್ಕಿ ಸಾವಿರಕ್ಕೆ, ಕಾಮಾ ದಶಮಾಂಶಕ್ಕೆ. ಜರ್ಮನಿ ಕಡೆಯ ಫೈಲ್‌ಗಳು ಹೀಗೇ ಇರುತ್ತವೆ. ನಿಮ್ಮ ಎಕ್ಸೆಲ್‌ಗೆ ಚುಕ್ಕಿಯೇ ದಶಮಾಂಶ. ಕಾಮಾ ತೆಗೆದಾಗ ಮೊದಲನೆಯದು 1.2345 ಆಯಿತು. ಎರಡನೆಯದು 85000, ಅಂದರೆ ನೂರು ಪಟ್ಟು. ಮೂರನೆಯದರಲ್ಲಿ ಎರಡು ಚುಕ್ಕಿ ಉಳಿದವು, ಹಾಗಾಗಿ ಅದು ಪಠ್ಯವಾಗಿಯೇ ಉಳಿಯಿತು. SUM ಪಠ್ಯವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿಮಗೆ ಬಂದದ್ದು 85001.2345, ಬರಬೇಕಾದದ್ದು 1236652.30. ಎಲ್ಲೂ ಎರರ್ ಕಾಣಿಸುವುದಿಲ್ಲ. ನನಗೆ ಭಯ ಇರುವುದೇ ಅದಕ್ಕೆ.

ಮೂಲ ಕಾಲಂ ಮುಟ್ಟಬೇಡಿ, ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ:

```
=NUMBERVALUE(SUBSTITUTE(SUBSTITUTE(A2,"€",""),UNICHAR(160),""),",",".")
```

ಕೊನೆಯ ಎರಡು ಚಿಹ್ನೆಗಳಲ್ಲಿ ಮೊದಲನೆಯದು ದಶಮಾಂಶ, ಎರಡನೆಯದು ಸಾವಿರ. ಎಕ್ಸೆಲ್ 2013ರಿಂದ ಈ ಫಂಕ್ಷನ್ ಇದೆ.

ಗಿರೀಶ: ಇಷ್ಟುದ್ದ ಯಾಕೆ? VALUE ಸಾಕು. ಅಥವಾ ಸುಮ್ನೆ 1ರಿಂದ ಗುಣಿಸಿ.

ವೀಣಾ: ಪಠ್ಯ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್‌ಗೆ ಹೊಂದಿದರೆ ಸಾಕು, ಗಿರೀಶ್. ಇಲ್ಲಿ ಹೊಂದುವುದಿಲ್ಲ.

ಗಿರೀಶ: ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಇಮ್ರಾನ್: ನಿಮಗೆ ಬರೋ ಫೈಲ್ ಎಲ್ಲ ಒಂದೇ ಕಡೆಯಿಂದ ಬರುತ್ತವೆ, ಅದಕ್ಕೇ. ನಿಮ್ಮದೇ ಫಾರ್ಮುಲಾ ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿ.

ಗಿರೀಶ: ನಾನು ಬೇರೆಯವರ ಲ್ಯಾಪ್‌ಟಾಪ್ ಯಾಕೆ ತೆರೆಯಲಿ?

ಸುಧಾ: ಕಾಲಂ ಆರಿಸಿ ಫಾರ್ಮ್ಯಾಟ್ ನಂಬರ್ ಅಂತ ಮಾಡಿದರೂ SUM 0. ಯಾಕೆ?

ವೀಣಾ: ಫಾರ್ಮ್ಯಾಟ್ ಬದಲಿಸಿದರೆ ತೋರಿಕೆ ಬದಲಾಗುತ್ತದೆ, ಒಳಗಿರುವುದು ಪಠ್ಯವೇ. ಮೇಲಿನ ಫಾರ್ಮುಲಾ ನೋಡಿ.

ಪ್ರಕಾಶ: ಮೇಡಂ, ನನ್ನ ಫೋನ್ ನಂಬರ್ ಕಾಲಂನಲ್ಲಿ ಮೊದಲಿನ ಸೊನ್ನೆ ಹೋಗಿಬಿಟ್ಟಿದೆ. ಇದೂ ಅದೇ ತೊಂದರೆ ಅಲ್ವಾ?

ಇಮ್ರಾನ್: ತದ್ವಿರುದ್ಧ. ಅದು ಪಠ್ಯವಾಗಿಯೇ ಇರಬೇಕು.

ನಾಗವೇಣಿ: ನನ್ನದರಲ್ಲಿ € ಹೋಯಿತು, ಸ್ಪೇಸ್ ಮಾತ್ರ ಹೋಗುತ್ತಿಲ್ಲ. TRIM ಹಾಕಿದೆ, ರಿಪ್ಲೇಸ್ ಮಾಡಿದೆ, ಜಪ್ಪಯ್ಯ ಅಂದರೂ ಹೋಗುತ್ತಿಲ್ಲ.

ವೀಣಾ: ಅದು ನೀವು ಕೀಬೋರ್ಡ್‌ನಲ್ಲಿ ಒತ್ತುವ ಸ್ಪೇಸ್ ಅಲ್ಲ. ಸ್ಪೇಸ್ ಎರಡನೇ ಅಕ್ಷರವಾಗಿರುವ ಮೂಲ ಸೆಲ್ ಮೇಲೆ =UNICODE(MID(A2,2,1)) ಹಾಕಿ ನೋಡಿ. 160 ಬಂದರೆ ಮೇಲಿನ ಫಾರ್ಮುಲಾದಲ್ಲೇ ಔಷಧಿ ಇದೆ. 8239 ಬಂದರೆ UNICHAR(8239) ಹಾಕಿ. ಸಾಮಾನ್ಯ ಸ್ಪೇಸ್ 32, TRIM ಮುಟ್ಟುವುದು ಅದನ್ನು ಮಾತ್ರ.

ಶ್ರೀಕಾಂತ: ಎರಡು ಆಫೀಸಿನ ಪಟ್ಟಿ ಒಂದೇ ಕಾಲಂನಲ್ಲಿ ಅಂಟಿಸಿದ್ದೇನೆ. ಕೆಲವು 1,234.50, ಕೆಲವು 1.234,50. ಎರಡಕ್ಕೂ ಸೇರಿ ಒಂದೇ ಫಾರ್ಮುಲಾ ಕೊಡಿ.

ವೀಣಾ: ಕೊಡುವುದಿಲ್ಲ, ಕಾರಣ ಹೇಳುತ್ತೇನೆ. ಮೇಲಿನ ಫಾರ್ಮುಲಾಕ್ಕೆ 1,234.50 ಕೊಟ್ಟರೆ ದಶಮಾಂಶ ಆದಮೇಲೆ ಸಾವಿರದ ಚಿಹ್ನೆ ಬಂತು ಅಂತ #VALUE! ತೋರಿಸುತ್ತದೆ. ಒಳ್ಳೆಯದೇ, ಕಣ್ಣಿಗೆ ಬೀಳುತ್ತದೆ. ಆದರೆ 850.00 ಕೊಟ್ಟರೆ 85000 ಮಾಡಿ ಸುಮ್ಮನಿರುತ್ತದೆ. 1,500 ಕೊಟ್ಟರೆ 1.5.

ಕೊನೆಯ ಚಿಹ್ನೆ ಆದಮೇಲೆ ಎರಡೇ ಅಂಕಿ ಇದ್ದರೆ ಅದೇ ದಶಮಾಂಶ ಅಂತ ಮೊತ್ತಗಳಲ್ಲಿ ಹೆಚ್ಚುಕಡಿಮೆ ಊಹಿಸಬಹುದು. ಮೂರು ಅಂಕಿ ಇದ್ದರೆ? 1.500 ಅಂದರೆ ಒಂದೂವರೆಯೋ, ಸಾವಿರದ ಐನೂರೋ, ಆ ಪಠ್ಯ ಒಂದನ್ನೇ ನೋಡಿ ಯಾರೂ ಹೇಳಲಾರರು. ಅಂಟಿಸುವ ಮೊದಲಿನ ಎರಡು ಫೈಲ್ ಹುಡುಕಿ. ಪ್ರತಿಯೊಂದನ್ನೂ ಪವರ್ ಕ್ವೆರಿಯಲ್ಲಿ ತೆರೆದು, Change Type ಒಳಗೆ Using Locale ಆರಿಸಿ, ಬೇರೆ ಬೇರೆಯಾಗಿ ಸಂಖ್ಯೆ ಮಾಡಿ. ಆಮೇಲೆ ಸೇರಿಸಿ. CSV ಆಗಿದ್ದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ನೀವು ನೋಡುವ ಮೊದಲೇ ಎಕ್ಸೆಲ್ 1.500 ಅನ್ನು 1.5 ಮಾಡಿರುತ್ತದೆ, ಆಮೇಲೆ ISNUMBER ಕೇಳಿದರೆ TRUE ಅನ್ನುತ್ತದೆ.

ಶ್ರೀಕಾಂತ: ಮೂಲ ಫೈಲ್ ಡಿಲೀಟ್ ಆಗಿವೆ.

ವೀಣಾ: ಕಳಿಸಿದವರನ್ನು ಕೇಳಿ.

ಲತಾ: ಬ್ರಾಕೆಟ್ ಒಳಗಿನ ಮೊತ್ತ ಮೈನಸ್ ಅಲ್ವಾ? ಅದನ್ನೇನು ಮಾಡೋದು?

ಗಿರೀಶ: ಫ್ರೆಂಡ್ಸ್, ಈಗ ಬಂದ ಮೆಸೇಜ್: "ಕಾಮಾ, ಚುಕ್ಕಿ ಎರಡನ್ನೂ ತೆಗೆದು 100ರಿಂದ ಭಾಗಿಸಿ, 100% ಕೆಲಸ ಮಾಡುತ್ತದೆ."

ವೀಣಾ: ಪೈಸೆ, ಸೆಂಟ್ ಬರೆಯದ ಒಂದು ಸಾಲು ಇದ್ದರೂ ಕೆಟ್ಟಿತು. 1.500 ಹೋಗಿ 15 ಆಗುತ್ತದೆ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಗಿರೀಶ: ನಾನು ಬರೆದದ್ದಲ್ಲ, ಫಾರ್ವರ್ಡ್ ಅಷ್ಟೇ.

ಇಮ್ರಾನ್: ಅದೇ ತೊಂದರೆ.

ಸುಧಾ: SUM ಇನ್ನೂ 0 ಬರುತ್ತಿದೆ.

ವೀಣಾ: ಹೊಸ ಕಾಲಂ ಕೂಡಿ, ಹಳೆಯದಲ್ಲ.

ಲತಾ: ಬ್ರಾಕೆಟ್ ಬಗ್ಗೆ ಕೇಳಿದ್ದೆ...